ಸಾಲು ಸಾಲಾಗಿ ಓದಿದರೆ ಉತ್ತರ ತಪ್ಪದು

ಕಂಪ್ಯೂಟರ್ ಸೈನ್ಸ್ ವರ್ಕ್‌ಶೀಟ್‌ಗಳಲ್ಲಿ ‘ಈ ಪ್ರೋಗ್ರಾಂನ ಔಟ್‌ಪುಟ್ ಏನು?’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಪೈಥಾನ್‌ನ ಈ ತುಣುಕನ್ನು ನೋಡಿ:

```
a = 1
b = 2
while b < 10:
    a = a + b
    b = a + b
print(a, b)
```

ಹಾಳೆಯ ಮೇಲೆ a, b ಎಂದು ಎರಡು ಕಾಲಂ ಎಳೆಯಿರಿ. ಮೊದಲ ಸಾಲಿಗೆ 1 ಮತ್ತು 2 ಬರೆಯಿರಿ. 2 ಎಂಬುದು 10ಕ್ಕಿಂತ ಕಡಿಮೆ, ಆದ್ದರಿಂದ ಲೂಪ್ ಒಳಗೆ ಹೋಗಬೇಕು. a ಈಗ 3 ಆಯಿತು. ಹಳೆಯ 1ನ್ನು ಕೂಡಲೇ ಹೊಡೆದುಹಾಕಿ. ಮುಂದಿನ ಸಾಲು ಬಳಸುವುದು ಈ ಹೊಸ a ಬೆಲೆಯನ್ನೇ. ಹಾಗಾಗಿ b ಎಂದರೆ 3 + 2, ಅಂದರೆ 5. ಎರಡನೇ ಸುತ್ತಿನಲ್ಲಿ a 8, b 13 ಆಗುತ್ತವೆ. 13 ಷರತ್ತಿಗೆ ಹೊಂದುವುದಿಲ್ಲ, ಲೂಪ್ ಮುಗಿಯಿತು. ಉತ್ತರ: `8 13`.

ಹಳೆಯ a ಬೆಲೆಯನ್ನೇ ಹಿಡಿದು b ಲೆಕ್ಕ ಹಾಕಿದವರಿಗೆ `12 12` ಬರುತ್ತದೆ. ಪ್ರತಿ ಸುತ್ತಿನಲ್ಲೂ ಎರಡೂ ಕಾಲಂ ಒಂದೇ ಆಗುತ್ತಿದ್ದರೆ ತಪ್ಪು ಇಲ್ಲೇ ಆಗಿದೆ ಎಂದು ತಿಳಿಯಿರಿ. ಇನ್ನು ಕೆಲವರು b 10ನ್ನು ದಾಟಬಾರದೆಂದು ಭಾವಿಸಿ `3 5`ಕ್ಕೇ ನಿಲ್ಲುತ್ತಾರೆ. ಆದರೆ ಷರತ್ತಿನ ಪರೀಕ್ಷೆ ನಡೆಯುವುದು ಪ್ರತಿ ಸುತ್ತಿನ ಆರಂಭದಲ್ಲಿ ಮಾತ್ರ. ಸುತ್ತಿನ ನಡುವೆ b ಎಷ್ಟಾದರೂ ಬೆಳೆಯಬಹುದು.

ಬೆಲೆ ಬದಲಾದಾಗಲೆಲ್ಲ ಬರೆದುಕೊಳ್ಳಿ, ಯಾವ ಸಾಲನ್ನೂ ಮನಸ್ಸಿನಲ್ಲೇ ಹಾರಿಸಬೇಡಿ.