ವೋಚರಿಗೆ ಸಹಿ ಹಾಕುವ ಮುನ್ನ

ಡಿಸ್ಚಾರ್ಜ್ ವೋಚರ್ ಎಂದರೆ, ವಿಮಾ ಕಂಪನಿ ಕ್ಲೇಮಿನ ಹಣ ಕೊಡುವ ಮೊದಲು ವಿಮೆದಾರನಿಂದ ಬರೆಸಿಕೊಳ್ಳುವ ಪತ್ರ. ಇದರಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ. ಇಷ್ಟು ಹಣ ಮುಟ್ಟಿದೆ ಎಂಬುದು ಒಂದು. ಅದು ಬರಿಯ ರಸೀದಿ. ಇದರಿಂದ ಕ್ಲೇಮು ಪೂರ್ತಿಯಾಗಿ, ಅಂತಿಮವಾಗಿ ತೀರಿತು, ಇನ್ನೇನೂ ಬಾಕಿಯಿಲ್ಲ ಎಂಬುದು ಇನ್ನೊಂದು. ತಕರಾರು ಹುಟ್ಟುವುದೆಲ್ಲ ಈ ಎರಡನೆಯ ವಾಕ್ಯದಿಂದಲೇ.

ಬಟ್ಟೆ ಅಂಗಡಿಯೊಂದಕ್ಕೆ ಬೆಂಕಿ ಬಿದ್ದಿತೆಂದು ಊಹಿಸಿಕೊಳ್ಳಬಹುದು. ಆ ದಿನ ಅಂಗಡಿಯಲ್ಲಿದ್ದ ಸರಕಿನ ಬೆಲೆ 20 ಲಕ್ಷ, ಮಾಡಿಸಿದ್ದ ವಿಮೆ 15 ಲಕ್ಷ, ಸುಟ್ಟ ಮಾಲು 8 ಲಕ್ಷದ್ದು. ಕಂಪನಿ 4.2 ಲಕ್ಷ ಕೊಡುತ್ತೇನೆಂದು ವೋಚರ್ ಕಳಿಸುತ್ತದೆ. ಅಂಗಡಿಯವರಿಗೆ ಮೊದಲು ಅನ್ನಿಸುವುದು 3.8 ಲಕ್ಷ ಕೈತಪ್ಪಿತೆಂದು. ಸರ್ವೇಯರ್ ವರದಿಯನ್ನು ತರಿಸಿ ಓದಿದರೆ ಲೆಕ್ಕ ಬೇರೆಯೇ ಇರುತ್ತದೆ. 20 ಲಕ್ಷದ ಸರಕಿಗೆ 15 ಲಕ್ಷವಷ್ಟೇ ವಿಮೆ ಇದ್ದುದರಿಂದ, ಪಾಲಿಸಿಯ ಸರಾಸರಿ ನಿಯಮದಂತೆ ಯಾವ ನಷ್ಟಕ್ಕೂ ಮುಕ್ಕಾಲು ಭಾಗ ಮಾತ್ರ ಸಿಗುತ್ತದೆ. 8 ಲಕ್ಷವನ್ನು ಪೂರ್ತಿ ಒಪ್ಪಿದ್ದರೂ ಬರುತ್ತಿದ್ದುದು 6 ಲಕ್ಷವೇ. ಆದರೆ ಬಿಲ್ಲು ತೋರಿಸಿಲ್ಲವೆಂದು ಸರ್ವೇಯರ್ 2.4 ಲಕ್ಷದ ಮಾಲನ್ನು ಎಣಿಕೆಯಿಂದ ಬಿಟ್ಟು, ನಷ್ಟ 5.6 ಲಕ್ಷವೆಂದು ಬರೆದಿದ್ದಾರೆ. ಅದರ ಮುಕ್ಕಾಲು 4.2 ಲಕ್ಷ. ಹಾಗಾಗಿ ನಿಜವಾದ ತಕರಾರು 1.8 ಲಕ್ಷದ್ದು ಮಾತ್ರ. ಪಾಲಿಸಿಯ ಕಡ್ಡಾಯ ಕಡಿತವನ್ನು ಈ ಲೆಕ್ಕದಲ್ಲಿ ಬದಿಗಿಟ್ಟಿದೆ.

ಈ ವಿಂಗಡಣೆ ಆಗದೆ ಜಗಳಕ್ಕಿಳಿದವರು ಪಾಲಿಸಿಯಲ್ಲೇ ಇರುವ ಷರತ್ತಿನ ಮೇಲೆ ವಾದಿಸಿ ಸೋಲುತ್ತಾರೆ, ಗೆಲ್ಲಬಹುದಾದ ಅಂಶ ಅದರಲ್ಲಿ ಮುಚ್ಚಿಹೋಗುತ್ತದೆ. ಗೆಲ್ಲಬಹುದಾದದ್ದಕ್ಕೆ ಬೇಕಾದದ್ದು ದಾಖಲೆ. ಅಂಗಡಿಯ ಬಿಲ್ಲು ಸುಟ್ಟಿದ್ದರೂ ಸಗಟು ವ್ಯಾಪಾರಿಯ ಬಳಿ ಅದರ ಪ್ರತಿ ಇರುತ್ತದೆ. ಜಿಎಸ್‌ಟಿ ರಿಟರ್ನ್, ಲಾರಿ ರಸೀದಿ, ಸಾಲ ಕೊಟ್ಟ ಬ್ಯಾಂಕಿಗೆ ಒಪ್ಪಿಸಿದ ಸರಕಿನ ಪಟ್ಟಿಗಳೂ ನೆರವಾಗುತ್ತವೆ. ಬ್ಯಾಂಕಿನ ಪಟ್ಟಿಯಲ್ಲಿ ಸರಕು ಕಡಿಮೆ ತೋರಿಸಿದ್ದರೆ ಅದೇ ಕಾಗದ ವಿರುದ್ಧ ಸಾಕ್ಷಿಯಾಗುತ್ತದೆಂಬುದೂ ನೆನಪಿರಬೇಕು.

ಇನ್ನು ಸಹಿಯ ಮಾತು. ಅಂಗಡಿ ಮತ್ತೆ ತೆರೆಯಲು ಆ 4.2 ಲಕ್ಷ ತುರ್ತಾಗಿ ಬೇಕು, ಸಹಿ ಹಾಕದೆ ಹಣ ಬಾರದು. ಈ ಇಕ್ಕಟ್ಟನ್ನು ಸುಪ್ರೀಂ ಕೋರ್ಟ್ ಬಲ್ಲದು. ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ (1999), ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗದು ಎಂದಿತು. ಆದರೆ ಮೋಸ, ಸುಳ್ಳು ನಿರೂಪಣೆ, ಅನುಚಿತ ಪ್ರಭಾವ ಅಥವಾ ಒತ್ತಡದಿಂದ ಸಹಿ ಪಡೆದರೆಂದು ತೋರಿಸುವ ಹೊಣೆ ವಿಮೆದಾರನದೇ. ವಿಮಾ ನಿಯಂತ್ರಣ ಪ್ರಾಧಿಕಾರವೂ 2015ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ, ಹೊಣೆ ಮತ್ತು ಮೊತ್ತ ಖಚಿತವಾದ ಮೇಲೆ ಹಣ ತಡೆಹಿಡಿಯಬಾರದು, ವೋಚರಿನಿಂದ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಮುಚ್ಚಿಹೋಗುವುದಿಲ್ಲ ಎಂದು ಕಂಪನಿಗಳಿಗೆ ತಿಳಿಸಿದೆ.

ಇಷ್ಟನ್ನೇ ನಂಬಿ ಸಹಿ ಹಾಕಿ ಸುಮ್ಮನಿದ್ದರೆ ಕೆಲಸ ಕೆಡುತ್ತದೆ. 2014ರ ಕೊನೆಯಲ್ಲಿ ತೀರ್ಮಾನವಾದ ಜೀನಸ್ ಪವರ್ ಪ್ರಕರಣದಲ್ಲಿ ಕಂಪನಿಯೊಂದು ಒತ್ತಡದಿಂದ ಸಹಿ ಹಾಕಿದೆವೆಂದಿತ್ತು. ಸಹಿ ಹಾಕುವಾಗಲಾಗಲಿ ಆ ಕೂಡಲೇ ಆಗಲಿ ಆಕ್ಷೇಪವಿಲ್ಲ, ಸುಮಾರು ಮೂರು ವಾರದ ಮೇಲೆ ನೋಟಿಸು ಬಂದಿದೆ, ಒತ್ತಡಕ್ಕೆ ವಿವರವೂ ಇಲ್ಲ ಎಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆದ್ದರಿಂದ ವೋಚರಿನ ಮೇಲೆಯೇ ‘ಆಕ್ಷೇಪಣೆಯೊಂದಿಗೆ, ಭಾಗಶಃ ಪಾವತಿಯಾಗಿ ಸ್ವೀಕರಿಸಿದೆ’ ಎಂದು ಬರೆದು, ತಾರೀಖು ಹಾಕಿ, ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಹಾಗೆ ಬರೆದರೆ ತೆಗೆದುಕೊಳ್ಳುವುದಿಲ್ಲ ಎಂದು ಕಚೇರಿಯವರು ಹೇಳಿದರೆ, ಆ ಮಾತನ್ನೇ ವಿವರಿಸಿ ಅಂದೇ ಇಮೇಲ್ ಕಳಿಸಬೇಕು: ಯಾರು ಹೇಳಿದರು, ಎಂದು ಹೇಳಿದರು, ಹಣದ ತುರ್ತು ಏನು, ಯಾವ 1.8 ಲಕ್ಷಕ್ಕೆ ಆಕ್ಷೇಪ. ಮೊತ್ತವಾಗಲಿ ತಾರೀಖಾಗಲಿ ಖಾಲಿ ಬಿಟ್ಟ ವೋಚರಿಗೆ ಸಹಿ ಹಾಕಲೇಬಾರದು.

ಮುಂದಿನ ಹೆಜ್ಜೆ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವ್ಯಕ್ತಿಗಳಷ್ಟೇ ಅಲ್ಲ, ಒಬ್ಬನೇ ಮಾಲೀಕನ ಅಂಗಡಿಯೂ ಅಲ್ಲಿಗೆ ಹೋಗಬಹುದು. ಅವರ ಆದೇಶವನ್ನು ಕಂಪನಿ ಪಾಲಿಸಲೇಬೇಕು. ಅದೇ ವಿಷಯ ಈಗಾಗಲೇ ನ್ಯಾಯಾಲಯ ಅಥವಾ ಗ್ರಾಹಕ ಆಯೋಗದಲ್ಲಿದ್ದರೆ ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ ಗಡುವು ತಕರಾರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಕಂಪನಿಗೆ ಮೇಲಿಂದ ಮೇಲೆ ನೆನಪೋಲೆ ಬರೆಯುತ್ತ ಕುಳಿತರೆ ಆ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ.