ರೆಫರೆನ್ಸ್ ಕಾಲಂನಲ್ಲಿ ನಮ್ಮ ಹೆಸರು

ಹೋದ ವರ್ಷ ಆಯುಧಪೂಜೆಯ ಹಿಂದಿನ ವಾರ ನನಗೊಂದು ಮೇಲ್ ಬಂತು. ನಮ್ಮಲ್ಲಿ ಸ್ಟೋರ್ಸ್ ಕೀಪರ್ ಆಗಿದ್ದ ಹುಡುಗ ಬೇರೊಂದು ಕಾರ್ಖಾನೆಗೆ ಅರ್ಜಿ ಹಾಕಿ, ರೆಫರೆನ್ಸ್ ಕಾಲಂನಲ್ಲಿ ನನ್ನ ಹೆಸರು ಬರೆದಿದ್ದ. ಆ ಕಾರ್ಖಾನೆಯ ಎಚ್‌ಆರ್ ವಿಭಾಗ ಆರು ಪ್ರಶ್ನೆ ಕಳಿಸಿತ್ತು. ಯಾವತ್ತಿನಿಂದ ಯಾವತ್ತಿನವರೆಗೆ ಕೆಲಸ ಮಾಡಿದರು, ಹುದ್ದೆ ಏನು, ಬಿಟ್ಟಿದ್ದು ಯಾಕೆ, ಸಮಯಪಾಲನೆ ಹೇಗೆ, ಪ್ರಾಮಾಣಿಕತೆಯ ಬಗ್ಗೆ ತಕರಾರೇನಾದರೂ ಇತ್ತೇ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಿರಾ?

ನೋಡಿದರೆ ಹತ್ತು ನಿಮಿಷದ ಕೆಲಸ. ನನಗೆ ಎರಡು ದಿನ ಹಿಡಿಯಿತು.

ಮೊದಲು ಮೇಲ್ ಬಂದ ವಿಳಾಸ ನೋಡಿದೆ. ಕಂಪನಿಯ ಹೆಸರಿನದೇ ವಿಳಾಸ, ಕೆಳಗೆ ಲ್ಯಾಂಡ್‌ಲೈನ್ ನಂಬರೂ ಇತ್ತು. ಯಾರೋ ಫೋನ್ ಮಾಡಿ ‘ಅವರ ಬಗ್ಗೆ ಸ್ವಲ್ಪ ಹೇಳ್ತೀರಾ ಸಾರ್’ ಎಂದ ಕೂಡಲೇ ಬಾಯಿ ಬಿಡುವವರು ನಮ್ಮಲ್ಲಿ ಬಹಳ. ಆ ಕಡೆ ಇರುವವರು ಹುಡುಗಿಯ ಮನೆಯವರೋ, ಸಾಲ ವಸೂಲಿಯವರೋ ಯಾರಿಗೆ ಗೊತ್ತು? ಆಮೇಲೆ ನಮ್ಮ ಎಚ್‌ಆರ್‌ನವರನ್ನು ಕೇಳಿದೆ. ಎಷ್ಟೋ ಕಂಪನಿಗಳಲ್ಲಿ ತಾರೀಕು ಮತ್ತು ಹುದ್ದೆ ಬಿಟ್ಟು ಬೇರೇನೂ ಹೇಳಬಾರದೆಂಬ ಕಟ್ಟಪ್ಪಣೆ ಇರುತ್ತದೆ, ಅದನ್ನೂ ಎಚ್‌ಆರ್‌ನವರೇ ಹೇಳಬೇಕು. ನಮ್ಮಲ್ಲಿ, ನಾನು ಖುದ್ದು ಮೇಲ್ವಿಚಾರಣೆ ಮಾಡಿದವರ ಬಗ್ಗೆ ಬರೆಯಬಹುದು, ಪ್ರತಿಯೊಂದು ಅವರ ಫೈಲಿಗೆ ಹೋಗಬೇಕು.

ತಾರೀಕಿನಲ್ಲೇ ತೊಡಕು ಶುರುವಾಯಿತು. ಅರ್ಜಿಯಲ್ಲಿ ಹುಡುಗ 2019ರ ಜನವರಿಯಿಂದ ಎಂದು ಬರೆದಿದ್ದಾನೆ, ನಮ್ಮ ನೇಮಕಾತಿ ಪತ್ರದಲ್ಲಿರುವುದು 2019ರ ಜುಲೈ 8. ‘ಆರು ತಿಂಗಳು ಸುಳ್ಳು ಹೇಳಿದ್ದಾನೆ’ ಎಂದು ಹೊಸ ಕಂಪನಿಯವರು ಅರ್ಜಿಯನ್ನು ಅಲ್ಲಿಗೇ ಮುಗಿಸಬಹುದಿತ್ತು. ನಿಜ ಏನೆಂದರೆ, ಮೊದಲ ಆರು ತಿಂಗಳು ಅವನು ಅದೇ ಸ್ಟೋರ್ಸಿನಲ್ಲಿ, ನನ್ನ ಕೈಕೆಳಗೇ ದುಡಿದ. ಆದರೆ ಲೇಬರ್ ಕಂಟ್ರಾಕ್ಟರ್ ಕಡೆಯಿಂದ. ಪಿ.ಎಫ್. ಖಾತೆಯಲ್ಲೂ ಆ ಅವಧಿಗೆ ಕಂಟ್ರಾಕ್ಟರ್ ಹೆಸರೇ ಬರುತ್ತದೆ. ಕಾರ್ಖಾನೆ ಕೆಲಸಗಾರರ ಅರ್ಜಿಯಲ್ಲಿ ತಾರೀಕು ತಾಳೆಯಾಗದಿದ್ದರೆ ಹತ್ತಕ್ಕೆ ಹತ್ತೂ ಸುಳ್ಳಲ್ಲ ಎಂದು ಈ ಕೆಲಸದಲ್ಲಿ ಇದ್ದವರಿಗೆ ಗೊತ್ತು. ಹಾಗಾಗಿ ಎರಡನ್ನೂ ಬರೆದೆ: ‘ಜನವರಿಯಿಂದ ಗುತ್ತಿಗೆದಾರರ ಮೂಲಕ, ಜುಲೈ 8ರಿಂದ ಕಂಪನಿಯ ನೌಕರರಾಗಿ. 2023ರ ಮಾರ್ಚ್ 31ರಂದು ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮುಗಿಸಿ ಹೋದರು.’

ಸಮಯಪಾಲನೆಯ ಪ್ರಶ್ನೆಗೆ ಹಾಜರಿ ಪುಸ್ತಕ ತರಿಸಿದೆ. ನೆನಪಿನಿಂದ ಬರೆದಿದ್ದರೆ ‘ಯಾವಾಗಲೂ ಲೇಟು’ ಎಂದೇ ಬರೆಯುತ್ತಿದ್ದೆ, ಯಾಕೆಂದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ಅವನ ಕೊನೆಯ ದಿನಗಳು. ಪುಸ್ತಕ ಬೇರೆಯೇ ಹೇಳಿತು. ಮೊದಲ ಮೂರು ವರ್ಷ ಕೆಂಪು ಶಾಯಿಯ ಗುರುತು ನಾಲ್ಕೇ ನಾಲ್ಕು. ಕೊನೆಯ ಆರು ತಿಂಗಳಲ್ಲಿ 23.

ಆ 23ಕ್ಕೆ ಕಾರಣ ನನಗೆ ಗೊತ್ತಿತ್ತು. ಅವನ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಬೆಳಗಿನ ಜಾವ ಆಸ್ಪತ್ರೆಗೆ ಬಿಟ್ಟು ಬರುತ್ತಿದ್ದ. ಅಂಕಿ ಮಾತ್ರ ಬರೆದು ಕಾರಣ ಬಿಟ್ಟರೆ ಅವನಿಗೆ ಅನ್ಯಾಯ. ಕಾರಣ ಬರೆದರೆ ಅವರ ಮನೆಯ ಕಾಯಿಲೆಯನ್ನು ಅಪರಿಚಿತರ ಮುಂದೆ ಇಟ್ಟಂತೆ. ಇಂಥ ಕಡೆ ಒಂದೇ ದಾರಿ, ಅವನನ್ನೇ ಕೇಳುವುದು. ಫೋನ್ ಮಾಡಿದೆ.

‘ಲೇಟಾಗಿ ಬಂದದ್ದನ್ನ ಬರೀಲೇಬೇಕಪ್ಪ, ಅವರು ಕೇಳಿದಾರೆ. ಅಮ್ಮನ ವಿಷಯ ಬರೀಲಾ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಮನೇಲಿ ಅನಾರೋಗ್ಯ ಇತ್ತು ಅಂತ ಬರೀರಿ ಸಾರ್. ಡಯಾಲಿಸಿಸ್ ಅಂತ ಬೇಡ. ಇನ್ನೂ ನಡೀತಿದೆ ಅಂದ್ರೆ ಕೆಲಸ ಕೊಡಲ್ಲ. ಈಗ ತಂಗಿ ಕರ್ಕೊಂಡು ಹೋಗ್ತಾಳೆ.’

ಅಷ್ಟೇ ಬರೆದೆ. ತಂಗಿಯ ವಿಷಯ ನಾನು ಕಣ್ಣಾರೆ ಕಂಡದ್ದಲ್ಲ, ಅದನ್ನು ಬಿಟ್ಟೆ.

ಐದನೆಯ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. 2022ರ ವಾರ್ಷಿಕ ಸ್ಟಾಕ್ ಎಣಿಕೆಯಲ್ಲಿ ನಲವತ್ತು ಬೇರಿಂಗ್ ಕಡಿಮೆ ಬಂದಿದ್ದವು. ಬಿನ್ ಕಾರ್ಡಿನಲ್ಲಿ ಒಂದು ಲೆಕ್ಕ, ರ‍್ಯಾಕಿನಲ್ಲಿ ಇನ್ನೊಂದು. ‘ಹುಡುಗ ಮಾಲು ಎತ್ತಿದ’ ಎಂದು ಕ್ಯಾಂಟೀನಿನಲ್ಲಿ ಗುಸುಗುಸು ಹಬ್ಬಿತು. ಮೂರನೆಯ ದಿನ ಉತ್ತರ ಸಿಕ್ಕಿತು. ರಾತ್ರಿ ಪಾಳಿಯಲ್ಲಿ ಮೆಷಿನ್ ಕೆಟ್ಟಾಗ ಮೇಂಟೆನೆನ್ಸಿನವರು ಬೇರಿಂಗ್ ಒಯ್ದು, ಇಶ್ಯೂ ಸ್ಲಿಪ್ಪನ್ನು ತಮ್ಮ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದರು. ಲೆಕ್ಕ ಸರಿಹೋಯಿತು. ಗುಸುಗುಸು ಮಾತ್ರ ಹೋಗಲಿಲ್ಲ. ಇವತ್ತಿಗೂ ನಮ್ಮಲ್ಲಿ ಅವನ ಹೆಸರು ಬಂದರೆ ‘ಓ, ಬೇರಿಂಗ್!’ ಎನ್ನುವವರಿದ್ದಾರೆ.

ಇದನ್ನು ಬರೆಯಬೇಕೇ? ‘ಒಮ್ಮೆ ದಾಸ್ತಾನು ವ್ಯತ್ಯಾಸ ಬಂದಿತ್ತು, ಆಮೇಲೆ ಸರಿಯಾಯಿತು’ ಎಂದು ಬರೆದರೆ ಅಕ್ಷರ ಅಕ್ಷರವೂ ನಿಜ. ಆದರೆ ಪ್ರಾಮಾಣಿಕತೆಯ ಪ್ರಶ್ನೆಯ ಕೆಳಗೆ ಆ ವಾಕ್ಯ ಕುಳಿತರೆ ಓದುವವರ ತಲೆಗೆ ಹೋಗುವುದು ಕಳ್ಳತನವೊಂದೇ. ನಿಜವಾದ ಮಾತುಗಳನ್ನೇ ಜೋಡಿಸಿ ಸುಳ್ಳು ಚಿತ್ರ ಕೊಡುವುದು ಸಾಧ್ಯ, ರೆಫರೆನ್ಸ್ ಪತ್ರಗಳಲ್ಲಿ ಅದು ನಡೆಯುತ್ತಲೇ ಇರುತ್ತದೆ. ನಾನು ಬರೆದದ್ದು ಇಷ್ಟು: ‘ಇವರ ಮೇಲೆ ಯಾವ ಶಿಸ್ತುಕ್ರಮವೂ ನಡೆದಿಲ್ಲ. ಪ್ರಾಮಾಣಿಕತೆಯನ್ನು ಸಂಶಯಿಸುವ ಕಾರಣ ನನಗೆ ಕಂಡಿಲ್ಲ.’ ಬೇರಿಂಗ್ ಕಳುವು ಅವನದೇ ಎಂದು ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಅದನ್ನೂ ಅಷ್ಟೇ ನೇರವಾಗಿ, ತಾರೀಕು ಸಮೇತ ಬರೆಯುತ್ತಿದ್ದೆ. ಕೇಳಿದವರನ್ನು ಗುಂಡಿಗೆ ತಳ್ಳುವ ಹಕ್ಕೂ ನಮಗಿಲ್ಲವಲ್ಲ.

ವಿಚಾರಿಸದೆ ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣವನ್ನು ಈ ಕ್ಷೇತ್ರದವರು ಮತ್ತೆ ಮತ್ತೆ ಹೇಳುತ್ತಾರೆ. ಗಾರ್ಡಿಯನ್ ಅಶ್ಯೂರೆನ್ಸ್ ಎಂಬ ವಿಮಾ ಕಂಪನಿಯ ಪಾಲಿಸಿ ಮಾರುತ್ತಿದ್ದ ಸ್ಪ್ರಿಂಗ್ ಎಂಬಾತ ಕೆಲಸ ಕಳೆದುಕೊಂಡು ಇನ್ನೊಂದು ವಿಮಾ ಕಂಪನಿಗೆ ಹೋಗಲು ಪ್ರಯತ್ನಿಸಿದ. ಹಳೆಯ ಕಂಪನಿಯ ರೆಫರೆನ್ಸ್ ಅವನನ್ನು ಅಪ್ರಾಮಾಣಿಕನೆಂದು ಚಿತ್ರಿಸಿತು, ಕೆಲಸ ಸಿಗಲಿಲ್ಲ. ಕೋರ್ಟು ನೋಡಿದಾಗ ಬರೆದವರಲ್ಲಿ ದ್ವೇಷವಿರಲಿಲ್ಲ, ತಾವು ಬರೆದದ್ದು ನಿಜವೆಂದೇ ನಂಬಿದ್ದರು. ಸರಿಯಾಗಿ ವಿಚಾರಿಸಿರಲಿಲ್ಲ, ಅಷ್ಟೇ. ಅಷ್ಟೇ ಸಾಕಾಯಿತು. ರೆಫರೆನ್ಸ್ ಕೊಡುವವನು ಯಾರ ಬಗ್ಗೆ ಬರೆಯುತ್ತಾನೋ ಅವನಿಗೂ ಎಚ್ಚರಿಕೆಯ ಹೊಣೆ ಹೊತ್ತಿರುತ್ತಾನೆ ಎಂದು 1994ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು.

ಅದು ಅಲ್ಲಿಯ ಕಾನೂನು. ನಮ್ಮಲ್ಲಿ ಮಾನಹಾನಿಯ ವಿಷಯ ಮೊದಲು ದಂಡ ಸಂಹಿತೆಯ 499ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಸದ್ಭಾವನೆಯಿಂದ ಹೇಳಿದ ಮಾತಿಗೆ ಅದರಲ್ಲಿ ವಿನಾಯಿತಿ ಇದೆ. ಆದರೆ ಎಚ್ಚರ ವಹಿಸದೆ ಮಾಡಿದ್ದನ್ನು ಕಾನೂನು ಸದ್ಭಾವನೆ ಎಂದು ಒಪ್ಪುವುದಿಲ್ಲ. ಅಂದರೆ ಕ್ಯಾಂಟೀನಿನ ಮಾತನ್ನು ಪತ್ರಕ್ಕೆ ಏರಿಸಿದವನಿಗೆ ಆ ಕೊಡೆ ನೆರಳಾಗುವುದು ಕಷ್ಟ.

ಕೊನೆಯ ಪ್ರಶ್ನೆ, ಮತ್ತೆ ತೆಗೆದುಕೊಳ್ಳುವಿರಾ? ‘ಹೌದು’, ‘ಇಲ್ಲ’ ಎಂದು ಎರಡೇ ಚೌಕ ಇದ್ದವು. ನನಗೆ ಈ ಪ್ರಶ್ನೆ ಕಂಡರೆ ಆಗದು. ಹುದ್ದೆ ಖಾಲಿಯಿಲ್ಲದ್ದಕ್ಕೆ ‘ಇಲ್ಲ’ ಎಂದರೂ ಓದುವವರು ಅದನ್ನು ಬೇರೆಯೇ ಆಗಿ ಓದುತ್ತಾರೆ. ಚೌಕ ಎರಡನ್ನೂ ಬಿಟ್ಟು ಪಕ್ಕದಲ್ಲಿ ಬರೆದೆ: ‘ಸ್ಟೋರ್ಸ್ ಕೆಲಸಕ್ಕೆ ಹೌದು. ಹಲವರನ್ನು ನಿಭಾಯಿಸುವ ಮೇಲ್ವಿಚಾರಕ ಹುದ್ದೆಯಲ್ಲಿ ಇವರನ್ನು ನೋಡಿಲ್ಲ, ಅದರ ಬಗ್ಗೆ ಹೇಳಲಾರೆ.’ ಕಳಿಸುವ ಮುಂಚೆ, ಈ ಪತ್ರ ನಾಳೆ ಹುಡುಗನ ಕೈಗೇ ಸಿಕ್ಕರೆ ಅವನ ಮುಖ ನೋಡಿ ಮಾತಾಡಬಲ್ಲೆನೇ ಎಂದು ಇನ್ನೊಮ್ಮೆ ಓದಿಕೊಂಡೆ. 23 ಎಂಬ ಅಂಕಿ ಅವನಿಗೆ ಹಿಡಿಸುವುದಿಲ್ಲ, ಗೊತ್ತು. ಆದರೂ ತೆಗೆಯಲಿಲ್ಲ.

ಕೆಲಸ ಹುಡುಕುತ್ತಿರುವವರಲ್ಲಿ ಒಂದೇ ವಿನಂತಿ. ಯಾರ ಹೆಸರನ್ನಾದರೂ ಆ ಕಾಲಂನಲ್ಲಿ ಬರೆಯುವ ಮುಂಚೆ ಅವರಿಗೊಂದು ಫೋನ್ ಮಾಡಿ, ಅರ್ಜಿಯಲ್ಲಿ ಕೊಟ್ಟ ತಾರೀಕುಗಳನ್ನು ಓದಿ ಹೇಳಿ.