ಮಸುಕಾದ ಮನೆಗೆ ಉತ್ತರ ಎಲ್ಲಿದೆ?

ಶಾಲೆಯ ಹಾಜರಿ ಪುಸ್ತಕವನ್ನು ಸ್ಕ್ಯಾನ್ ಮಾಡಿ ತಿಂಗಳ ಪಟ್ಟಿಗೆ ಇಳಿಸುವಾಗ ಶಾಯಿ ಹರಡಿದ ಮನೆಯನ್ನು ಖಾಲಿ ಬಿಡಬಾರದು. ಖಾಲಿ ಮನೆ ಮುಂದೆ ಗೈರುಹಾಜರಿಯಾಗಿಬಿಡುತ್ತದೆ. ಮಗುವಿಗೆ ಇದು ಅನ್ಯಾಯ. ಅಲ್ಲಿ ‘?’ ಹಾಕಿ, ಪಕ್ಕದಲ್ಲಿ ಪುಟಸಂಖ್ಯೆ ಬರೆಯಬೇಕು.

ಉತ್ತರ ಬಹಳ ಸಲ ಅದೇ ಪುಟದಲ್ಲಿರುತ್ತದೆ. ಒಬ್ಬ ವಿದ್ಯಾರ್ಥಿಯ ಸಾಲಿನಲ್ಲಿ 26 ಶಾಲಾ ದಿನ, ಸ್ಪಷ್ಟವಾಗಿ 21 ಹಾಜರಿ, 4 ಗೈರು, 1 ಮಸುಕು ಎಂದುಕೊಳ್ಳಿ. ಸಾಲಿನ ಕೊನೆಯಲ್ಲಿ ಶಿಕ್ಷಕರು ಬರೆದ ಮೊತ್ತ 22 ಆಗಿದ್ದರೆ ಆ ದಿನ ಹಾಜರಿ. ಆದರೆ ಕೂಡಿಸುವಾಗ ಶಿಕ್ಷಕರೂ ತಪ್ಪಬಹುದು. ಆದ್ದರಿಂದ ಆ ದಿನದ ಕಂಬಸಾಲಿನ ಮೊತ್ತವನ್ನೂ ನೋಡಬೇಕು.

ಒಂದೇ ಸಾಲಿನಲ್ಲಿ ಎರಡು ಮಸುಕಿದ್ದರೆ? ಒಂದು ಹಾಜರಿ, ಒಂದು ಗೈರು ಎಂದಷ್ಟೇ ಸಾಲು ಹೇಳಬಹುದು. ಯಾವ ದಿನ ಯಾವುದೆಂದು ಕಂಬಸಾಲೇ ಹೇಳಬೇಕು. ಎರಡು ಮೊತ್ತಗಳೂ ತಾಳೆಯಾಗದಿದ್ದರೆ ‘?’ ಹಾಗೇ ಉಳಿಯಲಿ, ಮೂಲ ಪುಸ್ತಕದೊಂದಿಗೆ ತರಗತಿ ಶಿಕ್ಷಕರ ಬಳಿ ಹೋಗಲಿ.